ಪ್ರೆಸ್ ನಿಲ್ಲಿಸಲು ಬರೆದ ಮೇಲ್

ಹೊಸೂರಿನ ಆ ಕಾರ್ಖಾನೆಯಲ್ಲಿ ನಾನು ಆಫೀಸಿನ ಮೇಲ್ವಿಚಾರಕನಾಗಿದ್ದೆ. ಬೆಳಿಗ್ಗೆ ಎಂಟೂವರೆಗೆ ಮೇಜಿನ ಮುಂದೆ ಕೂರುವುದು, ಪೆನ್ಸಿಲ್ ಕೆತ್ತುವುದು, ಕೆಂಪು ಪೆನ್ನಿನ ಮುಚ್ಚಳ ತೆಗೆಯುವುದು ನನ್ನ ಕ್ರಮ. ಹೆಡ್ಡಾಫೀಸಿನವರು ನಮ್ಮ ಇಂಗ್ಲಿಷನ್ನು ಒಮ್ಮೆ ಆಡಿಕೊಂಡ ಮೇಲೆ ಮ್ಯಾನೇಜರು ಒಂದು ಆಜ್ಞೆ ಹೊರಡಿಸಿದ್ದರು. ಹೊರಗೆ ಹೋಗುವ ಯಾವ ಇ-ಮೇಲ್ ಆದರೂ ಮೊದಲು ಪ್ರಿಂಟ್ ಆಗಿ ನನ್ನ ಮೇಜಿಗೆ ಬರಬೇಕು, ನನ್ನ ಸಹಿ ಬಿದ್ದ ಮೇಲೆ ಕಳಿಸಬೇಕು. ಅದಕ್ಕೆ ನಾನೂ ಒಂದು ನಿಯಮ ಸೇರಿಸಿದೆ. ತಪ್ಪಿಗೆ ಗೆರೆ ಎಳೆಯುತ್ತೇನೆ, ತಿದ್ದುವವನು ಬರೆದವನೇ. ನಾನು ಓದಿದ ಹಾಸ್ಟೆಲಿನಲ್ಲಿ ಹಾಗೆಯೇ ಕಲಿಸಿದ್ದರು.

ಪ್ರೆಸ್ ವಿಭಾಗದ ಸೂಪರ್‌ವೈಸರ್ ಅಂಚೆಟ್ಟಿ ಕಡೆಯವನು. ಮನೆಮಾತು ಕನ್ನಡ, ಓದಿದ್ದು ತಮಿಳು ಶಾಲೆಯಲ್ಲಿ, ಇಂಗ್ಲಿಷ್ ಕಲಿತದ್ದು ಕಾರ್ಖಾನೆಯಲ್ಲೇ. ಒಂದು ಬೆಳಿಗ್ಗೆ ಎಂಟೂ ನಲವತ್ತಕ್ಕೆ ಅವನು ಒಂದು ಹಾಳೆ ತಂದಿಟ್ಟ. ತಗಡು ಒತ್ತುವ ಮೂರನೇ ನಂಬರ್ ಪವರ್ ಪ್ರೆಸ್ಸಿನ ಕ್ಲಚ್ ಸವೆದಿತ್ತು. ಪೆಡಲಿನಿಂದ ಕಾಲು ತೆಗೆದರೂ ಒಮ್ಮೊಮ್ಮೆ ಮೇಲಿನ ಅಚ್ಚು ಇನ್ನೊಂದು ಸಲ ತಾನಾಗಿ ಕೆಳಗೆ ಬಂದು ಬಡಿಯುತ್ತಿತ್ತು. ಪ್ರೆಸ್ ನಿಲ್ಲಿಸಲು ಹೆಡ್ಡಾಫೀಸಿನ ಒಪ್ಪಿಗೆ ಬೇಕು, ಒಪ್ಪಿಗೆಗೆ ಮೇಲ್ ಬೇಕು. ಅಲ್ಲಿಯವರೆಗೆ ಓಡಿಸಿ ಎಂದು ಮ್ಯಾನೇಜರು ಹೇಳಿದ್ದರಂತೆ. ಸಾನಮಾವು ಹಳ್ಳಿಯ ಒಬ್ಬ ಆಪರೇಟರ್ ಅದರ ಮುಂದೆ ಕೂತಿದ್ದ.

ಹಾಳೆಯಲ್ಲಿ ಎರಡು ವಾಕ್ಯಗಳು. ಪ್ರೆಸ್ಸಿನ ಸ್ಥಿತಿ ಹೋದ ವಾರಕ್ಕಿಂತ ‘ಮೋರ್ ವರ್ಸ್’ ಆಗಿದೆ. ಕೂಡಲೇ ನಿಲ್ಲಿಸುವುದೇ ‘ಮೋಸ್ಟ್ ಸೇಫೆಸ್ಟ್’. ಎರಡಕ್ಕೂ ಕೆಂಪು ಗೆರೆ ಎಳೆದೆ. ‘ವರ್ಸ್’ ಎಂದರೇ ಇನ್ನಷ್ಟು ಕೆಟ್ಟದ್ದು, ‘ಸೇಫೆಸ್ಟ್’ ಎಂದರೇ ಎಲ್ಲಕ್ಕಿಂತ ಸುರಕ್ಷಿತ, ಅವುಗಳ ಮುಂದೆ ‘ಮೋರ್’, ‘ಮೋಸ್ಟ್’ ಬರಬಾರದು ಎಂದು ವಿವರಿಸಿದೆ. ಒತ್ತಿ ಹೇಳಬೇಕಿದ್ದರೆ ‘ಮಚ್ ವರ್ಸ್’ ಎನ್ನಬಹುದು ಎಂದೂ ಹೇಳಿದೆ.

ಅವನು ನಿಂತೇ ಇದ್ದ. “ಒಂದ್ಸಲ ಏಳಿದ್ರೆ ಅವ್ರು ಕೇಳಾಕಿಲ್ಲ ಸಾರ್. ಅದ್ಕೇ ಎಲ್ಡೆಲ್ಡು ಆಕಿವ್ನಿ.”

“ಎರಡು ಹಾಕಿದರೆ ನಗುತ್ತಾರಪ್ಪ. ತಿದ್ದಿಕೊಂಡು ಬಾ.”

“ನೀವೇ ಒಡೆದಾಕಿ ಕಳಿಸ್ಬುಡಿ ಸಾರ್. ಆ ಉಡ್ಗ ಕೈ ಒಳಗಿಟ್ಟು ಕೆಲ್ಸ ಮಾಡ್ತಾವ್ನೆ.”

ಎರಡು ಪದ ಹೊಡೆದು ಸಹಿ ಹಾಕಲು ನನಗೆ ಅರ್ಧ ನಿಮಿಷ ಸಾಕಿತ್ತು. ಆದರೆ ಒಬ್ಬನಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ ಎಂದು ಹಾಳೆಯನ್ನು ಅವನ ಕೈಗೆ ಕೊಟ್ಟೆ.

ಆಫೀಸಿನಲ್ಲಿ ಮೇಲ್ ಹೋಗುವ ಕಂಪ್ಯೂಟರ್ ಒಂದೇ. ಅದರ ಮುಂದೆ ಸ್ಟೋರಿನವರು ಕೂತಿದ್ದರು. ಅವನ ಸರದಿ ಬಂದು ಎರಡನೇ ಹಾಳೆ ನನ್ನ ಮೇಜಿಗೆ ತಲುಪಿದ್ದು ಹತ್ತೂ ಹತ್ತಕ್ಕೆ. ‘ವರ್ಸ್’ ಸರಿಯಾಗಿತ್ತು. ‘ಮೋಸ್ಟ್ ಸೇಫೆಸ್ಟ್’ ಮಾತ್ರ ‘ಮೋರ್ ಸೇಫೆಸ್ಟ್’ ಆಗಿತ್ತು. ನಾನು ಮತ್ತೆ ಗೆರೆ ಎಳೆದೆ. ಅವನು ಹಾಳೆ ತೆಗೆದುಕೊಂಡು ಮತ್ತೆ ಕಂಪ್ಯೂಟರಿನ ಸರದಿಗೆ ನಿಂತ.

ಹನ್ನೊಂದಕ್ಕೆ ಟೀ ಬಂತು. ಹನ್ನೊಂದೂ ಇಪ್ಪತ್ತಕ್ಕೆ ಪ್ರೆಸ್ ವಿಭಾಗದ ಸದ್ದು ಒಮ್ಮೆಲೇ ನಿಂತಿತು. ಕಾರ್ಖಾನೆಯಲ್ಲಿದ್ದವರಿಗೆ ಆ ಮೌನದ ಅರ್ಥ ಗೊತ್ತು. ಯಂತ್ರ ಒರೆಸುವ ಬನಿಯನ್ ಬಟ್ಟೆ ಸುತ್ತಿದ ಕೈಯನ್ನು ಎತ್ತಿ ಹಿಡಿದು ಆಪರೇಟರನನ್ನು ಜೀಪಿಗೆ ಹತ್ತಿಸಿದರು. ಬಲಗೈಯ ಮೂರು ಬೆರಳು ಹೋಗಿದ್ದವು. ಕಂಪ್ಯೂಟರಿನ ತೆರೆಯ ಮೇಲೆ ಮೂರನೇ ಪ್ರತಿ ಅರ್ಧ ಟೈಪಾಗಿ ನಿಂತಿತ್ತು. ಸೂಪರ್‌ವೈಸರ್ ಆಸ್ಪತ್ರೆಯಿಂದ ಮಧ್ಯಾಹ್ನ ವಾಪಸು ಬಂದು ಅದನ್ನು ಮುಗಿಸಿದ. ಒಂದೂ ತಪ್ಪಿರಲಿಲ್ಲ. ನಾನು ಸಹಿ ಹಾಕಿದೆ.

ವಿಚಾರಣೆಗೆ ಹೆಡ್ಡಾಫೀಸಿನಿಂದ ಇಬ್ಬರು ಬಂದರು. ಸೂಪರ್‌ವೈಸರ್ ಮುಂಚಿತವಾಗಿ ತಿಳಿಸಿರಲಿಲ್ಲ, ಮೇಲ್ ಬಂದದ್ದೇ ಅಪಘಾತದ ನಂತರ ಎಂದರು. ತಿದ್ದಲು ಒಯ್ದ ಹಾಳೆಗಳನ್ನೂ ಹಿಂದಕ್ಕೆ ಪಡೆದು, ಬಂದ ಸಮಯ ಬರೆದು ಫೈಲಿನಲ್ಲಿಡುವವನು ನಾನು. ಎರಡೂ ಕರಡು ತೆಗೆದು ಮುಂದಿಟ್ಟು, ತಡ ಮಾಡಿದ್ದು ನಾನು, ಅವನಲ್ಲ ಎಂದೆ. ಅವರಲ್ಲಿ ಹಿರಿಯರು ಕೆಂಪು ಗೆರೆಗಳನ್ನು ನೋಡಿ, ತಿದ್ದಿದ್ದು ಸರಿಯಾಗಿದೆ ಎಂದರು. ಕಳಿಸದೆ ಇದ್ದದ್ದು ಮೇಲ್ ಅಲ್ಲ ಎಂದು ಹಾಳೆಗಳನ್ನು ಹಿಂದಕ್ಕೆ ತಳ್ಳಿದರು. ಮ್ಯಾನೇಜರು ತಾವು ಓಡಿಸಲು ಹೇಳಿದ್ದನ್ನು ನೆನಪಿಸಿಕೊಳ್ಳಲಿಲ್ಲ.

ಸೂಪರ್‌ವೈಸರನನ್ನು ಆ ತಿಂಗಳೇ ಕೆಲಸದಿಂದ ತೆಗೆದರು. ಊಟದ ಡಬ್ಬಿ ತೆಗೆದುಕೊಳ್ಳಲು ಆಫೀಸಿಗೆ ಬಂದಾಗ ನಾನು ಎದ್ದು ನಿಂತೆ.

“ಕೂತ್ಕಳಿ ಸಾರ್,” ಎಂದ. “ಅಂಚೆಟ್ಟಿ ಬಸ್ಸು ಒಂಟೋಯ್ತದೆ.”

ಆಪರೇಟರನಿಗೆ ಗಾಯ ಮಾಗಿದ ಮೇಲೆ ಗೇಟಿನ ಕೆಲಸ ಕೊಟ್ಟರು. ನಾನು ನಿವೃತ್ತನಾಗುವವರೆಗೂ ಬೆಳಿಗ್ಗೆ ಎಂಟೂ ಇಪ್ಪತ್ತೈದಕ್ಕೆ ಅವನು ಎಡಗೈಯಲ್ಲಿ ಚಿಲಕ ಎತ್ತಿ ನನಗೆ ಗೇಟು ತೆಗೆಯುತ್ತಿದ್ದ.