ಗುರುತು ಹಾಕುವ ಅಕ್ಕ

ನಮ್ಮ ನಿಘಂಟು ಕಚೇರಿಯಲ್ಲಿ ಪದಗಳಿಗೆ ಗುರುತು ಹಾಕುವವರು ಅಕ್ಕ. ಆಡುಮಾತು, ಅಶ್ಲೀಲ, ಹೀನಾರ್ಥಕ: ಯಾವ ಪದದ ಹಣೆಗೆ ಯಾವುದು ಎಂಬುದನ್ನು ಇಪ್ಪತ್ತಾರು ವರ್ಷದಿಂದ ಅವರ ಕೆಂಪು ಪೆನ್ನೇ ತೀರ್ಮಾನಿಸುತ್ತಿದೆ. ಎಂಥ ಹೊಲಸು ಬೈಗುಳವನ್ನೂ ಮದುವೆ ಕಾಗದ ಓದುವಷ್ಟು ಸಮಾಧಾನದಿಂದ ಓದುತ್ತಾರೆ. ಕಿವಿ ಕೆಂಪಗಾಗುವುದು ನನ್ನದು. ನಾನು ಎಂಟು ತಿಂಗಳ ಹಂಗಾಮಿ ನೌಕರ; ಕರಡಿನಲ್ಲಿ ಮೊದಲ ಗುರುತು ಹಾಕಿಕೊಡುವುದು ನನ್ನ ಕೆಲಸ. ಕಾಯಂ ಆಗಲು ಅವರ ಒಂದು ಮಾತು ಬೇಕು.

ಅಂದು ಬೆಳಿಗ್ಗೆ ಕೊನೆಯ ಕರಡು ಅವರ ಮೇಜಿಗೆ ಹೋಗಿತ್ತು. ಮೂರು ಗಂಟೆಗೆ ಅಚ್ಚಿಗೆ. ಟೈಪಿಸ್ಟು ನನ್ನ ಪಕ್ಕ ಬಗ್ಗಿ ಕೇಳಿದ:

"ಲೋ ಪುಣ್ಯಾತ್ಮ, ಚರಂಡಿ ಕೆಲಸದವರನ್ನ ಕರೆಯೋ ಆ ಪದಕ್ಕೆ ಬರೀ 'ಆಡುಮಾತು' ಅಂತ ಹಾಕಿದೀಯಲ್ಲ? ಅಕ್ಕನ ಅಪ್ಪ ಚರಂಡಿ ಇಳೀತಿದ್ದೋರು. ಊರೆಲ್ಲ ಅವರನ್ನ ಕರೀತಿದ್ದಿದ್ದೇ ಹಾಗೆ."

ಆ ಪದವನ್ನು ಇಲ್ಲಿ ಬರೆಯುವ ಧೈರ್ಯ ಈಗಲೂ ನನಗಿಲ್ಲ. ಪುಸ್ತಕ, ಪತ್ರಿಕೆಗಳಿಂದ ಬಳಕೆಯ ವಾಕ್ಯ ಬರೆದಿಟ್ಟ ಚೀಟಿಗಳೇ ನಮ್ಮ ಪುರಾವೆ. ಮೂವತ್ತೆಂಟು ಚೀಟಿಯಲ್ಲೂ ಜನ ಆ ಪದ ಆಡಿ ನಕ್ಕಿದ್ದರು. ನಾನೂ ನಕ್ಕು, ಗುರುತು ಹಾಕಿದ್ದೆ.

ಅಕ್ಕ ಪುಟ ತಿರುವುತ್ತಿದ್ದರು. ಒಂದೊಂದು ಹಾಳೆಯ ಸದ್ದನ್ನೂ ನಾನು ಎಣಿಸುತ್ತಿದ್ದೆ. ಕೊನೆಗೆ ಸದ್ದು ನಿಂತಿತು.

"ಬಾರಪ್ಪ ಇಲ್ಲಿ. ಇದರ ಚೀಟಿ ತಗೊಂಡ್ ಬಾ."

ಕೊಟ್ಟೆ. ಇಸ್ಪೀಟು ಹಂಚಿದಂತೆ ಹರಡಿದರು. "ನಾಟಕದ ಹಾಸ್ಯಗಾರ, ಅಂಕಣಕಾರ, ಧಣಿ. ಎಲ್ಲಾ ಅಂದೋರೇ. ಅನ್ನಿಸಿಕೊಂಡೋರು ಎಲ್ಲಿ?"

"ಎರಡಿತ್ತು, ಅಕ್ಕ. ಅವರು ಪದವನ್ನ ಬಳಸಿರಲಿಲ್ಲ, 'ಹಾಗೆ ಕರೀಬೇಡಿ' ಅಂತ ಅದರ ಬಗ್ಗೆ ಬರೆದಿದ್ರು. ಬಳಕೆ ಅಲ್ವಲ್ಲ ಅಂತ... ಬೇಡದ ಚೀಟಿ ಡಬ್ಬಕ್ಕೆ ಹಾಕಿದೆ."

"ಅರ್ಥ ಬರೆಯೋಕೆ ಅವು ಬೇಡ, ಸರಿ. ಗುರುತಿಗೆ ಅವೇ ಬೇಕು ಕಣಪ್ಪ!"

ಡಬ್ಬ ಬೋರಲು ಹಾಕಿದೆ. ಒಂದು, ಮೇಸ್ತ್ರಿಯ ಮೇಲೆ ಕೆಲಸಗಾರನೊಬ್ಬ ಕೊಟ್ಟ ದೂರು. ಇನ್ನೊಂದು, ಪತ್ರಿಕೆಗೆ ಬಂದ ಓದುಗರೊಬ್ಬರ ಕಾಗದ. ಅಕ್ಕ ಎರಡನ್ನೂ ಎರಡೆರಡು ಸಲ ಓದಿದರು. ಅವರ ಮುಖ ನೋಡಲಾಗದೆ ನಾನು ಪೆನ್ನು ನೋಡುತ್ತಿದ್ದೆ.

"ಅಶ್ಲೀಲ ಅಂತ ಹಾಕ್ಲಾ, ಅಕ್ಕ?"

"ಯಾಕೆ? ಪದದಲ್ಲಿ ಕೊಳಕು ಅನ್ನೋದೇನಿದೆ? ಅದನ್ನ ಎಸೆಯೋ ಕೈ ನೋಡು." 'ಆಡುಮಾತು' ಹೊಡೆದು 'ಹೀನಾರ್ಥಕ' ಎಂದು ಬರೆದರು. ಆಮೇಲೆ ಚರಂಡಿ ಕಾರ್ಮಿಕರ ಸಂಘದ ಹಳೇ ಪತ್ರಿಕೆಯ ಮೂರು ಸಂಚಿಕೆ ತರಿಸಿ ನೋಡಿ, 'ಆ ಕೆಲಸದವರು ತಮ್ಮೊಳಗೆ ಸಲಿಗೆಯಿಂದಲೂ ಬಳಸುವುದುಂಟು' ಎಂದು ಸೇರಿಸಿದರು.

"ಅಕ್ಕ, ನಿಮ್ಮ ಅಪ್ಪನ ವಿಷಯ ನಂಗೆ..."

"ಅಪ್ಪನ್ನ ಎಳೀಬೇಡ. ನಂಗೆ ನೋವಾಗತ್ತೆ ಅಂತ ನಾನು ಹಾಕಿದ್ರೆ, ನಂಗೇನೂ ಆಗಲ್ಲ ಅಂತ ನಾಳೆ ಇನ್ನೊಬ್ಬ ತೆಗೀತಾನೆ. ಚೀಟಿ ಇದೆ, ಸಾಕು."

ಪುಟ ಅಚ್ಚಿಗೆ ಹೋಯಿತು. ಬದುಕಿದೆ ಎಂದುಕೊಳ್ಳುವಷ್ಟರಲ್ಲಿ ಅಕ್ಕ ಗಡಿಯಾರ ನೋಡಿದರು.

"ಎಂಟು ತಿಂಗಳಲ್ಲಿ ಇನ್ನೆಷ್ಟು ಪದಕ್ಕೆ ಹೀಗೆ ಮಾಡಿದೀಯೋ, ಹುಡುಕು. ನಿನ್ನ ಕಾಯಂ ಮಾತು ಆಮೇಲೆ."

ಡಬ್ಬದಿಂದ ಸುರಿದ ಚೀಟಿಗಳು ನೆಲದ ಮೇಲೆ ಮೊಣಕಾಲೆತ್ತರ ಬಿದ್ದಿದ್ದವು. ಕುಳಿತು ಮೊದಲನೆಯದನ್ನು ಎತ್ತಿಕೊಂಡೆ. ಬೇರೆ ಪದದ್ದು; 'ನಮ್ಮನ್ನು ಹೀಗೆ ಕರೆಯಬೇಡಿ' ಎಂದು ಶುರುವಾಗಿತ್ತು. ಅಂಚಿನಲ್ಲಿ ನನ್ನದೇ ದುಂಡು ಅಕ್ಷರ: ಬೇಡ.