ಅಪರಿಚಿತರ ಪಕ್ಕದ ಕುರ್ಚಿ

ಆರತಕ್ಷತೆಗೆ ಹೊರಡುವ ಮುನ್ನ ನಾನು ಅಪರಿಚಿತರೊಡನೆ ಆಡಬೇಕಾದ ಮೊದಲ ಮಾತನ್ನು ಮನೆಯಲ್ಲೇ ಸಿದ್ಧಪಡಿಸಿಕೊಳ್ಳುತ್ತೇನೆ. ಇದನ್ನು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ಇಪ್ಪತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಬೋಧಿಸಿ ಸ್ವಯಂನಿವೃತ್ತಿ ಪಡೆದವನು ನಾನು. ಪಾಠಟಿಪ್ಪಣಿಯಿಲ್ಲದೆ ತರಗತಿಗೆ ಹೋದವನಲ್ಲ. “ಮದುವೆಗೂ ಪಾಠಟಿಪ್ಪಣಿ ಬರ್ಕೊಂಡು ಹೋಗೋರು ಇಡೀ ಮೈಸೂರಲ್ಲಿ ನೀವೊಬ್ರೇ ಕಣ್ರೀ” ಎಂದು ನನ್ನ ಹೆಂಡತಿ ನಗುತ್ತಾಳೆ. ಅವಳಿಗೆ ಟಿಪ್ಪಣಿ ಬೇಕಿಲ್ಲ. ಪಕ್ಕದವರ ಸೀರೆಯ ಸೆರಗನ್ನು ಎರಡು ಬೆರಳಲ್ಲಿ ಹಿಡಿದು “ಎಲ್ಲಿ ತಗೊಂಡ್ರಿ?” ಎಂದರೆ ಅವಳ ಪೀಠಿಕೆ ಮುಗಿಯಿತು. ಗಂಡಸರ ಪಂಚೆಯ ವಿಷಯದಲ್ಲಿ ಈ ಕ್ರಮ ಶೋಭಿಸುವುದಿಲ್ಲ.

ಆತಿಥೇಯರನ್ನು ಮಾತ್ರ ಬಲ್ಲ ಅತಿಥಿಯ ಪಾಡು ವಿಚಿತ್ರವಾದುದು. ಅವನು ಬಲ್ಲವರೆಲ್ಲರೂ ವೇದಿಕೆಯ ಮೇಲೆ, ವಿಡಿಯೋದವನ ದೀಪದ ಕೆಳಗೆ ಬೆವರುತ್ತಿರುತ್ತಾರೆ. ಸಾಲಿನಲ್ಲಿ ನಿಂತು, ಮೆಟ್ಟಿಲು ಹತ್ತಿ, ಅಕ್ಷತೆ ಹಾಕಿ, ಲಕೋಟೆ ಕೊಟ್ಟು, ಫೋಟೋಕ್ಕೆ ಮುಖವನ್ನು ಒಪ್ಪಿಸಿ, “ಊಟ ಮಾಡ್ಕೊಂಡೇ ಹೋಗ್ಬೇಕು” ಎಂಬ ಆಜ್ಞೆಯನ್ನು ಪಡೆದು ಇನ್ನೊಂದು ಬದಿಯಿಂದ ಇಳಿಯುವುದಕ್ಕೆ ಅರ್ಧ ನಿಮಿಷ ಸಾಕು. ಇಳಿದ ಮೇಲೆ ಎದುರಿಗಿರುವುದು ಮುನ್ನೂರು ಕುರ್ಚಿಗಳು, ಒಂದು ವಾದ್ಯಗೋಷ್ಠಿ ಮತ್ತು ತಾನು.

ಇಂಥಲ್ಲಿ ನಮ್ಮ ಊರಿನ ಸಿದ್ಧಪ್ರಶ್ನೆ ಒಂದಿದೆ: “ತಾವು ಹೆಣ್ಣಿನ ಕಡೆಯವರೋ, ಗಂಡಿನ ಕಡೆಯವರೋ?” ಇದು ಕೆಟ್ಟ ಪ್ರಶ್ನೆಯಲ್ಲ, ಮುಂದೆ ಯಾರನ್ನು ಟೀಕಿಸಬಾರದೆಂಬ ಎಚ್ಚರಿಕೆಯನ್ನು ಅದು ಕೊಡುತ್ತದೆ. ಆದರೆ ಒಂದು ಪದದ ಉತ್ತರದೊಡನೆ ಅದು ತೀರಿಹೋಗುತ್ತದೆ. ತರಗತಿಯಲ್ಲಿ “ಅರ್ಥವಾಯಿತೇ?” ಎಂದು ಕೇಳಿದರೆ ನಲವತ್ತು ಮಕ್ಕಳೂ “ಆಯ್ತು ಸಾರ್” ಎನ್ನುತ್ತಿದ್ದರು, “ಏನು ಅರ್ಥವಾಯಿತು, ಹೇಳು” ಎಂದಾಗಲೇ ಪಾಠ ಶುರುವಾಗುತ್ತಿದ್ದುದು. ಅಪರಿಚಿತರ ವಿಷಯವೂ ಹಾಗೆಯೇ. ಮೊದಲು ಇಬ್ಬರಿಗೂ ಎದುರಾಗಿರುವ ಯಾವುದಾದರೊಂದು ಸಂಗತಿಯ ಬಗ್ಗೆ ಆಡಬೇಕು; ಅನಂತರ ತನ್ನ ಬಗ್ಗೆ ಒಂದಿಷ್ಟು ಬಿಟ್ಟುಕೊಡಬೇಕು; ಆಮೇಲೆ ಕಥೆಯನ್ನೇ ಉತ್ತರವಾಗಿ ಬೇಡುವಂಥ ಪ್ರಶ್ನೆ ಕೇಳಿ, ಬಾಯಿ ಮುಚ್ಚಿಕೊಂಡಿರಬೇಕು. ಉದ್ಯೋಗ, ಸಂಬಳ, ಮಕ್ಕಳೆಷ್ಟು ಎಂಬ ಜನಗಣತಿಯನ್ನು ಸರ್ಕಾರಕ್ಕೆ ಬಿಡುವುದು ಲೇಸು.

ಈ ಸಿದ್ಧಾಂತಕ್ಕೆ ನಿಜವಾದ ಪರೀಕ್ಷೆ ಒದಗಿದ್ದು ತೊಂಬತ್ತರ ದಶಕದ ಕೊನೆಯಲ್ಲಿ, ವಿದ್ಯಾರಣ್ಯಪುರಂನ ಒಂದು ಛತ್ರದಲ್ಲಿ. ಸರಸ್ವತಿಪುರಂನ ನಮ್ಮ ಪಕ್ಕದ ಮನೆಯ ಸದಾಶಿವಪ್ಪನವರ ಮಗಳ ಆರತಕ್ಷತೆ. ಹೆಂಡತಿಗೆ ಜ್ವರವಿದ್ದುದರಿಂದ ನಾನೊಬ್ಬನೇ ಹೋಗಿದ್ದೆ. ವೇದಿಕೆಯ ಮೇಲೆ ಸದಾಶಿವಪ್ಪನವರು ನನ್ನ ಕೈಯನ್ನು ಬಿಡಲಿಲ್ಲ. ಕ್ಯಾಮೆರಾದ ಕಡೆ ನಗುತ್ತಲೇ ಕಿವಿಯಲ್ಲಿ ಹೇಳಿದರು: “ಮೇಷ್ಟ್ರೇ, ಕೊನೇ ಸಾಲಲ್ಲಿ, ಬಾಗಿಲ ಪಕ್ಕ, ಬಿಳಿ ಜುಬ್ಬ. ನಮ್ಮಣ್ಣ. ಮಾತು ಬಿಟ್ಟು ಹನ್ನೊಂದು ವರ್ಷ. ಪತ್ರಿಕೆ ಕಳಿಸಿದ್ದೆ, ಬಂದಿದಾನೆ. ಮೇಲಕ್ಕೆ ಬರ್ತಾ ಇಲ್ಲ. ಉಣ್ಣದೆ ಹೊರಟೋದ್ರೆ ಮತ್ತೆ ನಮ್ಮ ಮನೆ ಹೊಸ್ತಿಲು ತುಳಿಯಲ್ಲ. ನಾನು ಇಳಿದು ಹೋದ್ರೆ ಎದ್ದೇ ಬುಡ್ತಾನೆ. ನೀವು ಒಸಿ ಮಾತಾಡ್ಸಿ.”

ನಾನು ಇಳಿದೆ. ಜಗಳದ ಕಾರಣವನ್ನು ನಾನು ಕೇಳಲಿಲ್ಲ, ಇಂದಿಗೂ ಕೇಳಿಲ್ಲ.

ಬಿಳಿ ಜುಬ್ಬದವರು ಕುರ್ಚಿಯ ತುದಿಯಲ್ಲಿ ಕುಳಿತಿದ್ದರು. ಬಸ್ಸಿನ ಹೊತ್ತಾದವರು ಕೂರುವ ರೀತಿ ಅದು. ತೊಡೆಯ ಮೇಲೆ ಬಟ್ಟೆಯ ಚೀಲ. ಪಕ್ಕದ ಕುರ್ಚಿಯ ಮೇಲೆ ಮಡಿಸಿದ ಶಲ್ಯ. ನಾನು ಗಂಭೀರವಾಗಿ ಸಮೀಪಿಸಿ, ನನ್ನ ಇಡೀ ಸಿದ್ಧಾಂತಕ್ಕೆ ಎಳ್ಳುನೀರು ಬಿಟ್ಟು, ನಾಲಿಗೆಯ ಅಭ್ಯಾಸದಿಂದ ಕೇಳಿದೆ: “ತಾವು ಹೆಣ್ಣಿನ ಕಡೆಯವರೋ, ಗಂಡಿನ ಕಡೆಯವರೋ?”

“ಯಾವ ಕಡೆಯೂ ಅಲ್ಲ” ಎಂದರು. ಬಾಗಿಲನ್ನು ನೋಡಿದರು. ಕೈ ಚೀಲದ ಹಿಡಿಯ ಮೇಲೆ ಹೋಯಿತು.

ಇಡೀ ಮೈಸೂರಿನಲ್ಲಿ ಆ ಪ್ರಶ್ನೆಗೆ ಉತ್ತರವಿಲ್ಲದ ಏಕೈಕ ವ್ಯಕ್ತಿಯನ್ನು ಹುಡುಕಿಕೊಂಡು ಹೋಗಿ ನಾನು ಅದನ್ನೇ ಕೇಳಿದ್ದೆ. ಆದರೂ ಧೈರ್ಯಗೆಡಲಿಲ್ಲ, ಮೊದಲ ಉತ್ತರ ತಪ್ಪಾದ ಮಾತ್ರಕ್ಕೆ ಯಾರೂ ಪರೀಕ್ಷೆಯ ಕೋಣೆಯಿಂದ ಎದ್ದುಬರುವುದಿಲ್ಲ. ಅಷ್ಟರಲ್ಲಿ ವಾದ್ಯಗೋಷ್ಠಿಯವರು ಧ್ವನಿಯನ್ನು ಏರಿಸಿದರು. ನಾನು ಸ್ಪೀಕರನ್ನು ತೋರಿಸಿ, “ಅದರ ಕೆಳಗೆ ಕೂತಿದ್ದೆ, ಸ್ವಾಮಿ. ಇನ್ನೊಂದು ಹಾಡು ಕೇಳಿದ್ದರೆ ಕಿವಿ ಹೋಗುತ್ತಿತ್ತು. ಇಲ್ಲಿ ಕೂರಬಹುದೇ?” ಎಂದೆ. ಅವರು ಶಲ್ಯವನ್ನು ತೆಗೆದುಕೊಂಡರು. ಸಣ್ಣದೊಂದು ಉಪಕಾರವನ್ನು ಕೇಳುವುದು ಪ್ರಶ್ನೆಗಿಂತ ಒಳ್ಳೆಯ ಪೀಠಿಕೆ. ಜಾಗ ಕೊಟ್ಟವರು ಜಾಗ ಪಡೆದವನನ್ನು ತುಸುಹೊತ್ತು ಸಹಿಸಿಕೊಳ್ಳುತ್ತಾರೆ.

“ನನಗೆ ಇಲ್ಲಿ ಸದಾಶಿವಪ್ಪನವರ ಮನೆಯವರನ್ನು ಬಿಟ್ಟರೆ ಒಬ್ಬರೂ ಗೊತ್ತಿಲ್ಲ” ಎಂದು ನನ್ನ ಪಾಲನ್ನು ಒಪ್ಪಿಸಿದೆ.

ಅವರು ನನ್ನನ್ನು ಮೊದಲ ಬಾರಿಗೆ ನೇರವಾಗಿ ನೋಡಿದರು. “ಅವನೇ ಕಳಿಸಿದ್ನಾ?”

ಸುಳ್ಳು ಹೇಳಿದರೆ ಚೀಲ ಏಳುತ್ತದೆ. ನಿಜ ಹೇಳಿದರೂ ಏಳಬಹುದು. ಎರಡರಲ್ಲೂ ಚೀಲ ಏಳುವುದಾದರೆ ನಿಜವೇ ವಾಸಿ.

“ಹೌದು, ಕಳಿಸಿದರು. ಆದರೆ ಹಸಿವು ನನ್ನದೇ. ಒಬ್ಬನೇ ಪಂಕ್ತಿಯಲ್ಲಿ ಕೂತು ಉಣ್ಣುವುದು ನನ್ನಿಂದಾಗದ ಕೆಲಸ.”

ಅವರ ಮೀಸೆ ಒಂದು ಕಡೆ ಅಲುಗಿತು. “ಚಿಕ್ಕೋನಿದ್ದಾಗ್ಲೂ ಅಷ್ಟೇ. ತಪ್ಪು ಮಾಡೋನು ಅವನು, ಅವ್ವನ ಹತ್ರ ಹೋಗಿ ಹೇಳೋಕೆ ಇನ್ನೊಬ್ರು ಬೇಕು.”

“ಯಾರು ಹೋಗುತ್ತಿದ್ದರು?”

“ಇನ್ಯಾರು? ನಾನೇ.”

ಅಲ್ಲಿಗೆ ನನ್ನ ಕೆಲಸ ಮುಗಿಯಿತು. ಇನ್ನುಳಿದದ್ದು ಕೇಳುವುದು ಮಾತ್ರ. ಬಾಡಿಗೆ ಸೈಕಲ್ಲನ್ನು ಚರಂಡಿಗೆ ಇಳಿಸಿದ ತಮ್ಮ, ಅದಕ್ಕೆ ಬಿದ್ದ ಏಟುಗಳನ್ನು ತಿಂದ ಅಣ್ಣ, ಅವತ್ತು ಸಂಜೆ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡದ್ದು, ಎಲ್ಲವೂ ಬಂದವು. ಅವರು ಮಾತು ನಿಲ್ಲಿಸಿದಲ್ಲೆಲ್ಲ ನಾನು ಅವರದೇ ಕೊನೆಯ ಮಾತನ್ನು ಹಿಡಿದು “ಸೈಕಲ್ ಏನಾಯ್ತು?” ಎಂದಷ್ಟೇ ಕೇಳಿದೆ. ಹೆಸರುಗಳನ್ನು ವಿನಿಮಯ ಮಾಡಿಕೊಂಡದ್ದು ಊಟಕ್ಕೆ ಕೂರುವ ಮುನ್ನ, ಕೈ ತೊಳೆಯುವ ನಲ್ಲಿಯ ಬಳಿ. ಅವರು ಗುರುಸಿದ್ಧಪ್ಪನವರು. “ನಿಮ್ಮ ಹಸಿವಿಗೋಸ್ಕರ ಬಂದೆ ಕಣ್ರೀ, ಮೇಷ್ಟ್ರೇ. ಇನ್ನೇನಕ್ಕೂ ಅಲ್ಲ” ಎಂದು ಸ್ಪಷ್ಟಪಡಿಸಿಯೇ ಎಲೆಯ ಮುಂದೆ ಕುಳಿತರು.

ಒಮ್ಮೆ ಕುಳಿತ ಮೇಲೆ ಪಂಕ್ತಿಯ ನಿಯಮ ಅನ್ವಯಿಸುತ್ತದೆ: ಎಲ್ಲರ ಊಟವೂ ಮುಗಿಯುವವರೆಗೆ ಯಾರೂ ಏಳುವಂತಿಲ್ಲ. ಇನ್ನೊಂದು ನಿಯಮವೂ ಉಂಟು: ಆತಿಥೇಯನು ಸಾಲಿನುದ್ದಕ್ಕೂ ನಡೆದು ಪ್ರತಿ ಎಲೆಯ ಮುಂದೆಯೂ ಉಪಚರಿಸಬೇಕು. ಸದಾಶಿವಪ್ಪನವರು ವೇದಿಕೆಯನ್ನು ಹೆಂಡತಿಗೆ ಒಪ್ಪಿಸಿ ಬಂದಿದ್ದರು. “ನಿಧಾನವಾಗಿ ಆಗ್ಲಿ, ಬಡಿಸ್ಕೊಳ್ಳಿ, ಸಂಕೋಚ ಬೇಡ” ಎನ್ನುತ್ತ ಒಂದೊಂದೇ ಎಲೆಯನ್ನು ದಾಟಿ ನಮ್ಮ ಮುಂದೆ ಬಂದು ನಿಂತರು. ಗುರುಸಿದ್ಧಪ್ಪನವರು ತಲೆ ಎತ್ತಲಿಲ್ಲ, ಏಳಲೂ ಇಲ್ಲ.

“ಹೋಳಿಗೆ...” ಎಂದರು ತಮ್ಮ.

“ಒಂದು ಹಾಕ್ಸು” ಎಂದರು ಅಣ್ಣ. “ತುಪ್ಪ ಎಲ್ಲೋ? ಬರೀ ಹೋಳಿಗೆ ಬಡಿಸ್ತಾರೇನೋ ಯಾರಾದ್ರೂ?”

ಸದಾಶಿವಪ್ಪನವರು ತುಪ್ಪದ ಗಿಂಡಿಯನ್ನು ಬಡಿಸುವವನ ಕೈಯಿಂದ ಕಸಿದುಕೊಂಡು ತಾವೇ ಬಗ್ಗಿದರು. ಬಗ್ಗಿದವರು ಬೇಗನೆ ಮೇಲೇಳಲಿಲ್ಲ.

ಮಾತನ್ನು ಆರಂಭಿಸಿಕೊಟ್ಟವನು ಅದರಿಂದ ಹೊರಬೀಳುವುದನ್ನೂ ಬಲ್ಲವನಾಗಿರಬೇಕು. ಆದರೆ ಪಂಕ್ತಿಯಿಂದ ಏಳುವುದು ಹೇಗೆ? ಪುಣ್ಯವಶಾತ್ ಅದೇ ಸಮಯಕ್ಕೆ ನನ್ನ ಎಲೆಗೆ ಪಾಯಸ ಬಿತ್ತು. ಎಲೆಯ ಮೇಲೆ ಹರಿಯುವ ಪಾಯಸಕ್ಕೆ ಕೈಯಿಂದ ಕಟ್ಟೆ ಕಟ್ಟುತ್ತ ಉಣ್ಣುವವನಿಗೆ ಪಕ್ಕದ ಎಲೆಯ ಮಾತುಗಳು ಕೇಳಿಸುವುದಿಲ್ಲವೆಂದು ಲೋಕ ನಂಬಿದೆ. ನಾನು ತಲೆ ತಗ್ಗಿಸಿ, ಅತ್ಯಂತ ಶ್ರದ್ಧೆಯಿಂದ, ಆ ನಂಬಿಕೆಗೆ ಭಂಗ ಬಾರದಂತೆ ಉಂಡೆ.