ಸಂಗಯ್ಯ ಸರ್ ಅವಸರದಲ್ಲಿ ಬರೆಸಿದ ಸೊನ್ನೆ

ಸಂಗಯ್ಯ ಸರ್ ಒಂದು ಕಡೆ ಕೂತದ್ದನ್ನು ಬಾಗಲಕೋಟೆಯಲ್ಲಿ ಕಂಡವರು ಕಡಿಮೆ. ಚಹಾ ನಿಂತೇ ಕುಡಿಯುತ್ತಿದ್ದರು, ಬಸ್ಸು ನಿಲ್ಲುವ ಮೊದಲೇ ಇಳಿಯುತ್ತಿದ್ದರು. ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಮುಳುಗುತ್ತದೆ ಎಂಬ ಮಾತು ಕೇಳಿ ಕೇಳಿ ಮನೆಗೆ ಸುಣ್ಣ ಹಚ್ಚಿಸುವುದನ್ನೂ ಬಿಟ್ಟಿದ್ದರು. ಹಗಲು ಕಾಲೇಜಿನಲ್ಲಿ ಗಣಿತ, ಸಂಜೆ ಪಡಸಾಲೆಯಲ್ಲಿ ಪಿಯುಸಿ ಮಕ್ಕಳಿಗೆ ಪಾಠ. ಇಂಜಿನಿಯರಿಂಗ್ ಸೀಟಿಗೆ ಸಿಇಟಿ ಶುರುವಾದ ಮೇಲಂತೂ ಅವರ ಅವಸರಕ್ಕೆ ಸರ್ಕಾರವೇ ಮುದ್ರೆ ಒತ್ತಿದಂತಾಯಿತು.

"ಲಿಮಿಟ್ ಬಂತಂದ್ರ ಬಡಿದಾಡಬ್ಯಾಡ್ರಿ," ಎಂದು ಬೋರ್ಡಿನ ಮುಂದೆ ಓಡಾಡುತ್ತಲೇ ಹೇಳುತ್ತಿದ್ದರು. "x ಭಾಳ ದೊಡ್ಡದಾತು? ದೊಡ್ಡ ಘಾತ ಅಷ್ಟ ನೋಡ್ರಿ. ಮ್ಯಾಲ 3x²+5x, ಕೆಳಗ 2x²−7. ಉತ್ತರ ಮೂರು ಭಾಗಿಲೆ ಎರಡು. x ಸೊನ್ನಿ ಕಡೆ ಹೊಂಟಿತು? ಸೈನ್ ಅಳಿಸಿ x ಬರೀರಿ, ಟ್ಯಾನ್ ಅಳಿಸಿ x ಬರೀರಿ. ಸೈನ್ 5x ಭಾಗಿಲೆ ಟ್ಯಾನ್ 3x, ಐದು ಭಾಗಿಲೆ ಮೂರು. ಮುಗೀತು, ಮುಂದ ನಡೀರಿ!"

ಮುಂದೆ ನಡೆಯದವಳು ರಂಗವ್ವ ಒಬ್ಬಳೇ. ಹುನಗುಂದದ ಕಡೆ ಕುರಿ ಸಾಕುವ ಮಾಳಪ್ಪನ ಮಗಳು. ಪ್ರತಿಯೊಂದನ್ನೂ ಉದ್ದಕ್ಕೆ ಬಿಡಿಸುವಳು. ಕೊನೆಯ ಪಾಠದ ದಿನ ಸರ್ ಕೊಟ್ಟ ಲೆಕ್ಕ: ಟ್ಯಾನ್ x ದಲ್ಲಿ ಸೈನ್ x ಕಳೆದು, x ಘನದಿಂದ ಭಾಗಿಸಿ, x ಸೊನ್ನೆಯತ್ತ ಹೊರಟಾಗ ಏನು?

"x ದಾಗ x ಕಳದ್ರ ಸೊನ್ನಿ," ಎಂದರು ತಾವೇ.

"ನನಗ ಅರ್ಧ ಬಂತ್ರಿ, ಸರ."

"ಹಿಂಗ ಮೆಲ್ಲಗ ಗೀಚಕೋತ ಕುಂತ್ರ ಸೀಟು ಸಿಗೂದಿಲ್ಲ, ಕುರಿ ಕಾಯೂದ ಗತಿ," ಎಂದು ಗದರಿಸಿದರು. ಹುಡುಗಿ ತಲೆ ತಗ್ಗಿಸಿ ಅರ್ಧ ಅಳಿಸಿ ಸೊನ್ನೆ ಬರೆದಳು.

ಪರೀಕ್ಷೆ ಹುಬ್ಬಳ್ಳಿಯಲ್ಲಿ. ಕೊನೆಯ ಪಾಠದ ಮರುದಿನ, ಪರೀಕ್ಷೆಗೆ ಒಂದು ದಿನ ಮುಂಚೆ, ಮಕ್ಕಳೆಲ್ಲ ಬಸ್ ಸ್ಟ್ಯಾಂಡಿಗೆ ಹೋದ ಮೇಲೆ ಸರ್ ಊಟಕ್ಕೆ ನಿಂತರು, ಅಂದರೆ ತಾಟು ಕೈಯಲ್ಲಿ ಹಿಡಿದು ಓಡಾಡತೊಡಗಿದರು. ಆ ಅರ್ಧ ಮಾತ್ರ ತಲೆಯಿಂದ ಹೋಗಲಿಲ್ಲ. ರಂಗವ್ವ ನಿಧಾನ ನಿಜ, ತಪ್ಪಿದ್ದು ಎಂದಾದರೂ ಉಂಟೇ? ತಾಟು ಕೆಳಗಿಟ್ಟು ಸೀಮೆಸುಣ್ಣ ಹಿಡಿದರು. ಟ್ಯಾನ್ ಹೊರಗೆ ತೆಗೆದರೆ ಒಳಗೆ ಉಳಿಯುವುದು ಒಂದರಲ್ಲಿ ಕಾಸ್ ಕಳೆದದ್ದು. ಟ್ಯಾನ್ ಅಂದರೆ ಹೆಚ್ಚುಕಡಿಮೆ x, ಒಳಗಿನದು x ವರ್ಗದ ಅರ್ಧ. ಗುಣಿಸಿದರೆ x ಘನದ ಅರ್ಧ. ಉತ್ತರ ಅರ್ಧ!

ಗುಣಾಕಾರ ಭಾಗಾಕಾರದಲ್ಲಿ ನಡೆಯುವ ಯುಕ್ತಿ ಕಳೆಯುವಲ್ಲಿ ನಡೆಯುವುದಿಲ್ಲ. ದೊಡ್ಡದಕ್ಕೆ ದೊಡ್ಡದು ವಜಾ ಆದರೆ, ತಾವು ಕಡೆಗಣಿಸಿದ ಸಣ್ಣದೇ ಉತ್ತರ. ಇಷ್ಟು ಹೇಳದೆ ಮಕ್ಕಳನ್ನು ಕಳಿಸಿಬಿಟ್ಟಿದ್ದರು. ಕೈ ತೊಳೆಯದೆ ಓಡಿದರು.

ಬಸ್ಸು ಹೊರಡುವುದರಲ್ಲಿತ್ತು. ಸರ್ ಒಳಗೆ ಹತ್ತಿ, ಏದುಸಿರಿನಲ್ಲೇ ಎಲ್ಲರಿಗೂ ಕೂಗಿ ಹೇಳಿದರು: "ಕಳಿಯೂದು ಇದ್ದಲ್ಲಿ x ಹಾಕಬ್ಯಾಡ್ರಿ! ಕೆಳಗ ಎಷ್ಟನೇ ಘಾತ ಐತಿ, ಮ್ಯಾಲ ಅಲ್ಲೀತನಕ ನೋಡ್ರಿ. ರಂಗವ್ವಂದು ಖರೆ, ನಂದು ತಪ್ಪು." ಹುಡುಗರು ಬರೆದುಕೊಂಡರು.

ರಂಗವ್ವ ಬರೆಯಲಿಲ್ಲ. ಅವಳ ಮುಖ ಬಿಳುಚಿತ್ತು. "ಹಂಗಾದ್ರ ಸರ, ಉಳಿದದ್ದರಾಗ ಯಾವುದು ಖರೆ, ಯಾವುದು ಸುಳ್ಳ್ರಿ?"

ತಪ್ಪು ತಿದ್ದಲು ಬಂದ ಸರ್ ಪರೀಕ್ಷೆಯ ಮುನ್ನಾದಿನ ಹುಡುಗಿಯ ಧೈರ್ಯಕ್ಕೇ ಕೊಡಲಿ ಪೆಟ್ಟು ಹಾಕಿದ್ದರು. ಬಸ್ಸು ಹೊರಟಿತು. ಸರ್ ಇಳಿಯಲಿಲ್ಲ.

ಮಗಳ ಜೊತೆಗೆ ಹೊರಟು ಅವಳ ಪಕ್ಕದಲ್ಲಿ ಕೂತಿದ್ದ ಮಾಳಪ್ಪ ಎದ್ದು ನಿಂತ. "ನೀವು ಕುಂದರ್ರಿ ಸರ. ಆಕಿ ನಿನ್ನೆಯಿಂದ ಉಂಡಿಲ್ರಿ, ತನಗ ಬುದ್ಧಿ ಇಲ್ಲಂತ ಅಳಾಕತ್ತಾಳ."

ಸರ್ ಕೂತರು. "ನಾ ಹೇಳಿದ್ದು ಒಂದೊಂದ ತಗಿ," ಎಂದರು. "ನಿನ್ನ ದಾರೀಲೆ ಬಿಡಿಸು. ನನಗ ಅವಸರಿಲ್ಲ."

ಸೈನ್ ಭಾಗಿಲೆ ಟ್ಯಾನ್ ಸರಿ ಬಂತು. ದೊಡ್ಡ ಘಾತದ್ದೂ ಸರಿ ಬಂತು. ಬಸ್ಸು ಕೆರೂರು ದಾಟಿತು. ಅವಳು ಒಂದು ಕಡೆ ಬೆರಳಿಟ್ಟಳು. x² + 6x ರ ವರ್ಗಮೂಲದಲ್ಲಿ x ಕಳೆಯುವುದು, x ಭಾಳ ದೊಡ್ಡದಾದಾಗ. ಪಾಠದಲ್ಲಿ ಇದಕ್ಕೂ ಸೊನ್ನೆಯೇ ಬರೆಸಿದ್ದರು.

"ಇಲ್ಲೂ ಕಳಿಯೂದ ಐತಲ್ರಿ," ಎಂದಳು ಮೆಲ್ಲಗೆ. ವರ್ಗಮೂಲಕ್ಕೆ x ಕೂಡಿಸಿ, ಆ ಮೊತ್ತದಿಂದ ಮೇಲೂ ಕೆಳಗೂ ಗುಣಿಸಿದಳು. ಮೇಲೆ 6x ಉಳಿಯಿತು. ಕೆಳಗೆ ಎರಡೂ ಕೂಡಿ 2x ಇದ್ದಂತೆ. "ಮೂರು ಬಂತ್ರಿ."

ಸರ್ ಕಣ್ಣು ಮುಚ್ಚಿದರು. ಎಷ್ಟು ಮಕ್ಕಳಿಗೆ ಈ ಸೊನ್ನೆ ಹಂಚಿದ್ದರೋ! "ಹೌದವಾ," ಎಂದರು, "ಮೂರು."

ನರಗುಂದ ದಾಟುವಷ್ಟರಲ್ಲಿ ಅವಳೇ ಗುಣಿಸುವುದು ಭಾಗಿಸುವುದಿದ್ದರೆ ಒಂದು ದಾರಿ, ಕಳೆಯುವುದಿದ್ದರೆ ಇನ್ನೊಂದು ಎಂದು ವಿಂಗಡಿಸಿ, ಸರಸರ ಬಿಡಿಸತೊಡಗಿದಳು. ಮುಗಿಸಿದಾಗಲೆಲ್ಲ ಹಾಳೆಯನ್ನು ಸರ್ ಕಡೆ ಚಾಚುತ್ತಿದ್ದಳು. ನವಲಗುಂದ ಬಿಟ್ಟ ಮೇಲೆ ಒಂದು ಲೆಕ್ಕ ಮುಗಿಯಿತು. ಸರ್ ವಾಡಿಕೆಯಂತೆ ಕೈ ಚಾಚಿದರು.

"ಬ್ಯಾಡ್ರಿ ಸರ," ಎಂದಳು ರಂಗವ್ವ, ತಲೆ ಎತ್ತದೆ. "ಬಂತು."